ಐಪಿಒದಲ್ಲಿ ಐದು ಲಾಟ್ ಕೇಳಿದವರಿಗೂ ಒಂದೇ ಚೀಟಿ: ಬೆಲೆ ಶ್ರೇಣಿಯಿಂದ ಷೇರು ಹಂಚಿಕೆವರೆಗೆ

"ನಾನು ಐದು ಲಾಟ್‌ಗೆ ಅರ್ಜಿ ಹಾಕಿದ್ದೆ, ಒಂದು ಷೇರೂ ಬರಲಿಲ್ಲ. ಪಕ್ಕದ ಮನೆಯವರು ಒಂದೇ ಲಾಟ್ ಹಾಕಿದ್ದರು, ಅವರಿಗೆ ಬಂತು. ಇದು ಹೇಗೆ?" ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಕಟ್-ಆಫ್ ಅಂದರೇನು? ಬ್ಯಾಂಕಿನಲ್ಲಿ ದುಡ್ಡು ಇದೆ ಅಂತ ತೋರಿಸುತ್ತದೆ, ಆದರೆ ತೆಗೆಯೋಕೆ ಆಗ್ತಿಲ್ಲ, ಯಾಕೆ?

ಈ ಮೂರಕ್ಕೂ ಉತ್ತರ ಒಂದೇ ದಾರಿಯಲ್ಲಿದೆ. ಬೆಲೆ ಹೇಗೆ ನಿಗದಿಯಾಗುತ್ತದೆ, ಅರ್ಜಿ ಎಲ್ಲೆಲ್ಲಿ ಹೋಗುತ್ತದೆ, ಷೇರು ಹೇಗೆ ಹಂಚುತ್ತಾರೆ ಅನ್ನೋದನ್ನು ಕ್ರಮವಾಗಿ ನೋಡಿದರೆ ಎಲ್ಲವೂ ಬಿಡಿಸಿಕೊಳ್ಳುತ್ತದೆ. ಉದಾಹರಣೆಗೆ ನಮ್ಮ ಬೆಂಗಳೂರಿನದೇ ಕಂಪನಿ ಏಥರ್ ಎನರ್ಜಿಯನ್ನು ಇಟ್ಟುಕೊಳ್ಳೋಣ. ಅದರ ಐಪಿಒ, ಅಂದರೆ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಾಟ, 2025ರ ಏಪ್ರಿಲ್ 28ರಿಂದ 30ರವರೆಗೆ ನಡೆಯಿತು. ಅದನ್ನು ಕೊಳ್ಳಿ ಅಥವಾ ಬಿಡಿ ಅಂತ ಹೇಳೋದು ಈ ಲೇಖನದ ಕೆಲಸವಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದೆಲ್ಲ ಮೇನ್‌ಬೋರ್ಡ್ ಐಪಿಒಗಳ ಬಗ್ಗೆ, ಅಂದರೆ ಎನ್‌ಎಸ್‌ಇ, ಬಿಎಸ್‌ಇಗಳ ಮುಖ್ಯ ಮಾರುಕಟ್ಟೆಗೆ ಬರುವ ಕಂಪನಿಗಳ ಬಗ್ಗೆ. ಸಣ್ಣ ಕಂಪನಿಗಳ ಎಸ್‌ಎಂಇ ಐಪಿಒಗಳ ನಿಯಮ ಬೇರೆ. ಅಲ್ಲಿ ಈಗ ಕನಿಷ್ಠ ಅರ್ಜಿಯೇ ₹2 ಲಕ್ಷಕ್ಕಿಂತ ಜಾಸ್ತಿ.

ಮೊದಲು ಕೈಯಲ್ಲಿರಬೇಕಾದ್ದು

ನಿಮ್ಮ ಹೆಸರಿನ ಪ್ಯಾನ್, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ. ಆ ಬ್ಯಾಂಕ್ ಖಾತೆಗೇ ಜೋಡಿಸಿದ ಯುಪಿಐ ಐಡಿ. ಡಿಮ್ಯಾಟ್ ಅಂದರೆ ಷೇರುಗಳನ್ನು ಕಾಗದದ ಬದಲು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆ.

"ನಿಮ್ಮ ಹೆಸರಿನ" ಅಂತ ಮೂರು ಸಲ ಬರೆದಿದ್ದಕ್ಕೆ ಕಾರಣವಿದೆ. ನಮ್ಮ ಭಾವ ಒಮ್ಮೆ ತಮ್ಮ ಡಿಮ್ಯಾಟ್‌ನಿಂದ ಅರ್ಜಿ ಹಾಕಿ, ದುಡ್ಡಿಗೆ ಅಕ್ಕನ ಯುಪಿಐ ಐಡಿ ಕೊಟ್ಟರು. ಗಂಡ ಹೆಂಡತಿ ಅಲ್ವಾ, ಏನಾಗುತ್ತೆ ಅಂತ. ದುಡ್ಡು ಬ್ಲಾಕ್ ಕೂಡ ಆಯಿತು. ಆದರೆ ಹಂಚಿಕೆಯ ದಿನ ಅರ್ಜಿ ತಿರಸ್ಕೃತವಾಗಿತ್ತು. ಅರ್ಜಿದಾರರು ಒಬ್ಬರು, ಬ್ಯಾಂಕ್ ಖಾತೆ ಇನ್ನೊಬ್ಬರದು ಅಂತಾದರೆ ಅದನ್ನು ಮೂರನೆಯವರ ಪಾವತಿ ಅಂತ ಲೆಕ್ಕ ಹಾಕುತ್ತಾರೆ. ಸಂಬಂಧ ಯಾವುದು ಅಂತ ಯಾರೂ ಕೇಳುವುದಿಲ್ಲ.

ಹಂತ 1: ಬೆಲೆ ಶ್ರೇಣಿಯನ್ನು ಓದುವುದು

ಐಪಿಒ ತೆರೆಯುವ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಕಂಪನಿ ಪ್ರೈಸ್ ಬ್ಯಾಂಡ್ ಪ್ರಕಟಿಸಬೇಕು. ಇದನ್ನು ಬೆಲೆ ಶ್ರೇಣಿ ಅನ್ನಬಹುದು. ಏಥರ್‌ದು ₹304ರಿಂದ ₹321. ಕೆಳಗಿನದು ಫ್ಲೋರ್ ಬೆಲೆ, ಅದಕ್ಕಿಂತ ಕಡಿಮೆಗೆ ಯಾರೂ ಕೇಳುವಂತಿಲ್ಲ. ಮೇಲಿನದು ಕ್ಯಾಪ್ ಬೆಲೆ, ಅದಕ್ಕಿಂತ ಜಾಸ್ತಿಗೆ ಯಾರೂ ಕೊಡಬೇಕಿಲ್ಲ.

ಈ ಎರಡರ ನಡುವಿನ ಅಂತರವನ್ನು ಕಂಪನಿ ತನಗೆ ಬೇಕಾದಂತೆ ಇಟ್ಟುಕೊಳ್ಳುವಂತಿಲ್ಲ. ಕ್ಯಾಪ್ ಬೆಲೆ ಫ್ಲೋರ್ ಬೆಲೆಗಿಂತ ಕನಿಷ್ಠ 5% ಜಾಸ್ತಿ ಇರಬೇಕು, 20%ಗಿಂತ ಜಾಸ್ತಿ ಇರಬಾರದು ಅಂತ ಸೆಬಿ ನಿಯಮ. ಸೆಬಿ ಅಂದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ. ಆ 5%ರ ಮಾತು 2022ರಲ್ಲಿ ಸೇರಿದ್ದು. ಮುಂಚೆ ಒಂದೆರಡು ರೂಪಾಯಿ ಅಂತರದ ಶ್ರೇಣಿಗಳೂ ಬರುತ್ತಿದ್ದವು. ಹಾಗಿದ್ದಾಗ ಬೆಲೆ ಮೊದಲೇ ತೀರ್ಮಾನವಾದಂತೆಯೇ, ಜನರ ಅಭಿಪ್ರಾಯ ಕೇಳುವುದು ಬರೀ ನೆಪ. ಈಗಲೂ ಹೆಚ್ಚಿನ ಕಂಪನಿಗಳು 5%ರ ಗೆರೆಗೆ ಅಂಟಿಕೊಂಡೇ ಶ್ರೇಣಿ ಹಾಕುತ್ತವೆ. ಹ್ಯುಂಡೈ ಮೋಟಾರ್ ಇಂಡಿಯಾ 2024ರಲ್ಲಿ ₹1,865ರಿಂದ ₹1,960 ಅಂತ ಹಾಕಿತ್ತು. ಲೆಕ್ಕ ಹಾಕಿ ನೋಡಿ, 5%ಗಿಂತ ಕೂದಲೆಳೆಯಷ್ಟು ಮೇಲೆ.

ಬೆಲೆಯ ಜೊತೆಗೇ ಲಾಟ್ ಗಾತ್ರ ಬರುತ್ತದೆ. ಲಾಟ್ ಅಂದರೆ ಕನಿಷ್ಠ ಇಷ್ಟು ಷೇರು ಕೇಳಲೇಬೇಕು ಅನ್ನುವ ಕಟ್ಟು. ಏಥರ್‌ನಲ್ಲಿ ಒಂದು ಲಾಟ್‌ಗೆ 46 ಷೇರು. ಕ್ಯಾಪ್ ಬೆಲೆಯಲ್ಲಿ 46 × 321, ಅಂದರೆ ₹14,766. ಬಹುತೇಕ ಎಲ್ಲ ಮೇನ್‌ಬೋರ್ಡ್ ಐಪಿಒಗಳಲ್ಲೂ ಒಂದು ಲಾಟ್ ₹15,000ದೊಳಗೇ ಇರುತ್ತದೆ. ಷೇರಿನ ಬೆಲೆ ಜಾಸ್ತಿಯಿದ್ದರೆ ಲಾಟ್‌ನಲ್ಲಿ ಷೇರು ಕಡಿಮೆ, ಅಷ್ಟೆ. ಹ್ಯುಂಡೈಯದು ಬರೀ 7 ಷೇರಿನ ಲಾಟ್.

₹2 ಲಕ್ಷದವರೆಗೆ ಅರ್ಜಿ ಹಾಕುವವರು ರೀಟೇಲ್ ವರ್ಗ, ನಮ್ಮಂಥ ಚಿಲ್ಲರೆ ಹೂಡಿಕೆದಾರರು. ಏಥರ್‌ನಲ್ಲಿ 13 ಲಾಟ್‌ವರೆಗೆ (₹1,91,958) ರೀಟೇಲ್. 14ನೇ ಲಾಟ್ ಸೇರಿಸಿದರೆ ಮೊತ್ತ ₹2,06,724 ಆಗಿ, ನೀವು ಬೇರೆ ವರ್ಗಕ್ಕೆ ಹೋಗುತ್ತೀರಿ. ಅಲ್ಲಿ ಮುಂದಿನ ಹಂತದಲ್ಲಿ ಹೇಳುವ ಕಟ್-ಆಫ್ ಸೌಲಭ್ಯ ಇಲ್ಲ, ಅರ್ಜಿ ಹಿಂಪಡೆಯುವಂತೆಯೂ ಇಲ್ಲ.

ಇಲ್ಲೇ ಇನ್ನೊಂದು ವಿಷಯ ನೋಡಿಕೊಳ್ಳಿ: ರೀಟೇಲ್‌ಗೆ ಎಷ್ಟು ಪಾಲು ಇಟ್ಟಿದ್ದಾರೆ? ಸೆಬಿ ಹೇಳಿದ ಲಾಭದ ಮಾನದಂಡ ದಾಟಿದ ಕಂಪನಿಯಾದರೆ ಕನಿಷ್ಠ 35% ನಮಗೆ. ದಾಟಿಲ್ಲದಿದ್ದರೆ ಮುಕ್ಕಾಲು ಪಾಲು ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳಂಥ ದೊಡ್ಡ ಸಂಸ್ಥೆಗಳಿಗೆ ಹೋಗಬೇಕು, ರೀಟೇಲ್‌ಗೆ ಸಿಗುವುದು ಹೆಚ್ಚೆಂದರೆ 10%. ಏಥರ್ ಆಗಿನ್ನೂ ನಷ್ಟದಲ್ಲಿತ್ತು, ಹಾಗಾಗಿ 10% ಮಾತ್ರ. ಹೊಸ ಕಾಲದ ಟೆಕ್ ಕಂಪನಿಗಳ ಐಪಿಒದಲ್ಲಿ ಷೇರು ಸಿಗೋದು ಕಷ್ಟ ಅಂತ ಅನ್ನಿಸೋದಕ್ಕೆ ಇದೂ ಒಂದು ಕಾರಣ. ಈ ವಿವರ ಆರ್‌ಎಚ್‌ಪಿಯ ಮೊದಲ ಪುಟಗಳಲ್ಲೇ ಇರುತ್ತದೆ. ಆರ್‌ಎಚ್‌ಪಿ ಅಂದರೆ ಐಪಿಒಗೆ ಮುಂಚೆ ಕಂಪನಿ ಸಲ್ಲಿಸುವ ಪೂರ್ತಿ ಮಾಹಿತಿ ಪತ್ರ.

ಅದೇ ಪುಟಗಳಲ್ಲಿ ದುಡ್ಡು ಯಾರಿಗೆ ಹೋಗುತ್ತದೆ ಅಂತಲೂ ಇರುತ್ತದೆ. ಹೊಸ ಷೇರು ಹೊರಡಿಸಿದರೆ ದುಡ್ಡು ಕಂಪನಿಗೆ. ಆಫರ್ ಫಾರ್ ಸೇಲ್ ಅಂತಿದ್ದರೆ ಹಳೆಯ ಷೇರುದಾರರು ತಮ್ಮ ಪಾಲು ಮಾರುತ್ತಿದ್ದಾರೆ, ದುಡ್ಡು ಅವರ ಜೇಬಿಗೆ. ಹ್ಯುಂಡೈ ಐಪಿಒ ಪೂರ್ತಿ ಎರಡನೇ ಬಗೆಯದು. ಅದು ತಪ್ಪು ಅಂತಲ್ಲ, ಆದರೆ ಗೊತ್ತಿದ್ದು ಅರ್ಜಿ ಹಾಕುವುದು ಒಳ್ಳೆಯದು.

ಹಂತ 2: ಬುಕ್ ಬಿಲ್ಡಿಂಗ್ ಅಂದರೆ ಏನು ನಡೆಯುತ್ತಿದೆ

ಇದು ಹೆಸರಷ್ಟು ಕಷ್ಟದ್ದಲ್ಲ. ಅಡಿಕೆ ಮಂಡಿಯಲ್ಲಿ ಟೆಂಡರ್ ಹಾಕುತ್ತಾರಲ್ಲ, ಒಬ್ಬೊಬ್ಬ ವ್ಯಾಪಾರಿ ಒಂದೊಂದು ದರ ಬರೆಯುತ್ತಾನೆ, ಅದಕ್ಕೆ ಹತ್ತಿರದ್ದು. ಒಂದೇ ವ್ಯತ್ಯಾಸ: ಮಂಡಿಯಲ್ಲಿ ಜಾಸ್ತಿ ದರ ಬರೆದವನು ಆ ದರವನ್ನೇ ಕೊಡುತ್ತಾನೆ. ಇಲ್ಲಿ ಕೊನೆಗೆ ಎಲ್ಲರಿಗೂ ಒಂದೇ ಬೆಲೆ.

ಸುಮ್ನೆ ಲೆಕ್ಕಕ್ಕೆ ಒಂದು ಕಂಪನಿ ಅಂದುಕೊಳ್ಳಿ. ಅದು 1,00,000 ಷೇರು ಮಾರಬೇಕು, ಶ್ರೇಣಿ ₹95ರಿಂದ ₹100. ಮೂರು ದಿನ ಎಲ್ಲರೂ ತಮಗೆ ಇಷ್ಟು ಷೇರು ಬೇಕು, ಇಷ್ಟು ಕೊಡುತ್ತೇವೆ ಅಂತ ಬಿಡ್ ಹಾಕುತ್ತಾರೆ. ಎಲ್ಲ ಒಂದು ಎಲೆಕ್ಟ್ರಾನಿಕ್ ಪುಸ್ತಕದಲ್ಲಿ ದಾಖಲಾಗುತ್ತದೆ. ಬುಕ್ ಅನ್ನೋದು ಅದನ್ನೇ.

ಕೊನೆಗೆ ₹100ಕ್ಕೆ ಕೇಳಿದ್ದು 60,000 ಷೇರು, ₹99ಕ್ಕೆ 30,000, ₹98ಕ್ಕೆ 25,000, ₹97ಕ್ಕೆ 40,000 ಅಂತಿದೆ. ಮೇಲಿನಿಂದ ಕೂಡುತ್ತಾ ಬನ್ನಿ. ₹100ರಲ್ಲಿ 60,000. ₹99ಕ್ಕೆ ಇಳಿದರೆ ಒಟ್ಟು 90,000, ಇನ್ನೂ ಸಾಲದು. ₹98ಕ್ಕೆ ಇಳಿದರೆ 1,15,000. ಮಾರಬೇಕಾದ ಲಕ್ಷ ಷೇರು ಇಲ್ಲಿ ತುಂಬಿತು. ಈ ₹98 ಕಟ್-ಆಫ್ ಬೆಲೆ ಆಗಬಹುದು. ₹100 ಅಂತ ಬರೆದವರೂ ₹98 ಮಾತ್ರ ಕೊಡುತ್ತಾರೆ. ₹97 ಅಂತ ಬರೆದವರು ಸಾಲಿನಿಂದಲೇ ಹೊರಗೆ. ಕೊನೆಯ ತೀರ್ಮಾನ ಕಂಪನಿ ಮತ್ತು ಅದರ ಮರ್ಚೆಂಟ್ ಬ್ಯಾಂಕರ್‌ಗಳದ್ದು, ಅಂದರೆ ಐಪಿಒ ನಡೆಸಿಕೊಡುವ ಸಂಸ್ಥೆಗಳದ್ದು. ಆದರೆ ಅವರು ನೋಡುವುದು ಈ ಪುಸ್ತಕವನ್ನೇ.

ವಾಸ್ತವದಲ್ಲಿ ಏನಾಗುತ್ತದೆ ಅಂದರೆ, ಐಪಿಒ ಚೆನ್ನಾಗಿ ಹೋದರೆ ಕ್ಯಾಪ್ ಬೆಲೆಯಲ್ಲೇ ಪುಸ್ತಕ ತುಂಬಿಬಿಡುತ್ತದೆ. ಏಥರ್ ₹321, ಹ್ಯುಂಡೈ ₹1,960. ಎರಡೂ ಮೇಲಿನ ತುದಿಯೇ.

ಹಾಗಾದರೆ ನೀವು ಏನು ಬರೆಯಬೇಕು? ರೀಟೇಲ್ ಅರ್ಜಿದಾರರಿಗೆ ಒಂದು ಅನುಕೂಲವಿದೆ. ಬೆಲೆ ಬರೆಯುವ ಬದಲು `Cut-off` ಅಂತ ಟಿಕ್ ಮಾಡಬಹುದು. "ಕೊನೆಗೆ ಯಾವ ಬೆಲೆ ನಿಗದಿಯಾದರೂ ನನಗೆ ಒಪ್ಪಿಗೆ" ಅಂತ ಅದರ ಅರ್ಥ. ಆಗ ಬ್ಯಾಂಕಿನಲ್ಲಿ ಕ್ಯಾಪ್ ಬೆಲೆಯ ಲೆಕ್ಕದಲ್ಲಿ ದುಡ್ಡು ತಡೆಹಿಡಿಯುತ್ತಾರೆ. ಏಥರ್‌ನ ಬೆಲೆ ಒಂದು ವೇಳೆ ₹315 ಅಂತ ಆಗಿದ್ದಿದ್ದರೆ, ಒಂದು ಲಾಟ್ ಸಿಕ್ಕವರಿಗೆ ಷೇರಿಗೆ ₹6ರಂತೆ ₹276 ಬಿಡುಗಡೆಯಾಗುತ್ತಿತ್ತು.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. "₹304ಕ್ಕೂ ಸಿಗುತ್ತದಲ್ಲ, ಯಾಕೆ ಜಾಸ್ತಿ ಕೊಡಬೇಕು" ಅಂತ ಫ್ಲೋರ್ ಬೆಲೆ ಬರೆಯುತ್ತಾರೆ. ಒಂದು ಲಾಟ್‌ಗೆ ₹782 ಉಳಿಯುತ್ತದೆ ಅಂತ ಆಸೆ. ಆದರೆ ಬೆಲೆ ₹321 ಅಂತ ನಿಗದಿಯಾದ ಕ್ಷಣವೇ ಆ ಅರ್ಜಿ ಲಾಟರಿಗೂ ಬರುವುದಿಲ್ಲ. ನಿಮಗೆ ನಿಜವಾಗಿಯೂ ₹304ಕ್ಕಿಂತ ಜಾಸ್ತಿ ಕೊಡಲು ಮನಸ್ಸಿಲ್ಲ ಅಂದರೆ ಅದು ಬೇರೆ ಮಾತು, ಹಾಗೆಯೇ ಬರೆಯಿರಿ. ಆದರೆ ಷೇರು ಬೇಕೇ ಬೇಕು ಅಂದರೆ ಕಟ್-ಆಫ್ ಟಿಕ್ ಮಾಡಿ.

ಹಂತ 3: ಅರ್ಜಿ ಹಾಕುವುದು

ಎರಡು ದಾರಿಗಳಿವೆ. ಒಂದು, ನಿಮ್ಮ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ ಐಪಿಒ ಅಥವಾ `ASBA` ಅಂತ ಇರುವ ಕಡೆ ಹೋಗಿ ಹಾಕುವುದು. ಎರಡು, ಬ್ರೋಕರ್ ಆ್ಯಪ್‌ನಲ್ಲಿ ಯುಪಿಐ ಮೂಲಕ ಹಾಕುವುದು. ಯಾವುದರಲ್ಲಿ ಹಾಕಿದರೂ ಷೇರು ಸಿಗುವ ಸಾಧ್ಯತೆ ಒಂದೇ.

ಆಸ್ಬಾ ಅನ್ನುವ ಆ ವ್ಯವಸ್ಥೆಯ ತಿರುಳು ಇಷ್ಟೇ: ದುಡ್ಡು ನಿಮ್ಮ ಖಾತೆಯಲ್ಲೇ ಇರುತ್ತದೆ, ಮುಟ್ಟುವಂತಿಲ್ಲ. ಉಳಿತಾಯ ಖಾತೆಯ ಬಡ್ಡಿಯೂ ಬರುತ್ತಲೇ ಇರುತ್ತದೆ. ಷೇರು ಸಿಕ್ಕರೆ ಮಾತ್ರ ಸಿಕ್ಕಷ್ಟಕ್ಕೆ ಕಡಿತ. ಬ್ಯಾಲೆನ್ಸ್ ತೋರಿಸುತ್ತದೆ, ಎಟಿಎಂನಲ್ಲಿ ಬರುತ್ತಿಲ್ಲ ಅಂತ ಕೇಳಿದವರಿಗೆ ಉತ್ತರ ಇದೇ. 2016ರಿಂದ ಐಪಿಒಗಳಲ್ಲಿ ಇದೇ ಕಡ್ಡಾಯ. ಅದಕ್ಕೆ ಮುಂಚೆ ಚೆಕ್ ಬರೆದುಕೊಟ್ಟು, ರೀಫಂಡ್‌ಗೆ ವಾರಗಟ್ಟಲೆ ಕಾಯಬೇಕಿತ್ತು.

ಒಂದು ಪ್ಯಾನ್‌ಗೆ ಒಂದೇ ಅರ್ಜಿ. ಬ್ಯಾಂಕಿನಿಂದ ಒಂದು, ಬ್ರೋಕರ್‌ನಿಂದ ಒಂದು ಅಂತ ಎರಡು ಹಾಕಿದರೆ ಎರಡೂ ತಿರಸ್ಕೃತವಾಗುವ ಅಪಾಯವಿದೆ. ಎರಡು ಡಿಮ್ಯಾಟ್ ಖಾತೆ ಇದೆ ಅಂದರೂ ಪ್ಯಾನ್ ಒಂದೇ ಅಲ್ವಾ, ಸಿಕ್ಕಿಬೀಳುತ್ತದೆ. ಇದಕ್ಕೆ ಒಂದು ವಿನಾಯಿತಿ ಇದೆ. ಕೆಲವು ಐಪಿಒಗಳಲ್ಲಿ ಮಾತೃ ಕಂಪನಿಯ ಷೇರುದಾರರಿಗೆ ಪ್ರತ್ಯೇಕ ಪಾಲು ಇಡುತ್ತಾರೆ. 2023ರಲ್ಲಿ ಟಾಟಾ ಟೆಕ್ನಾಲಜೀಸ್ ಐಪಿಒದಲ್ಲಿ ಟಾಟಾ ಮೋಟಾರ್ಸ್ ಷೇರುದಾರರಿಗೆ ಇಟ್ಟಿದ್ದರು. ಅಂಥ ಕಡೆ ಷೇರುದಾರರ ಪಾಲಿನಲ್ಲಿ ಒಂದು, ರೀಟೇಲ್ ಪಾಲಿನಲ್ಲಿ ಒಂದು ಹಾಕಬಹುದು. ಆದರೆ ಆರ್‌ಎಚ್‌ಪಿ ಸಲ್ಲಿಸಿದ ದಿನ ನಿಮ್ಮ ಡಿಮ್ಯಾಟ್‌ನಲ್ಲಿ ಆ ಮಾತೃ ಕಂಪನಿಯ ಷೇರು ಇರಲೇಬೇಕು. ಐಪಿಒ ತೆರೆದ ಮೇಲೆ ಓಡಿ ಕೊಂಡರೆ ನಡೆಯುವುದಿಲ್ಲ.

ಮನೆಯಲ್ಲಿ ಬೇರೆ ಸದಸ್ಯರು ತಮ್ಮದೇ ಪ್ಯಾನ್, ಡಿಮ್ಯಾಟ್, ಬ್ಯಾಂಕ್ ಖಾತೆಯಿಂದ ಹಾಕಿದರೆ ಅವು ಬೇರೆ ಬೇರೆ ಅರ್ಜಿಗಳೇ. ಇದರಲ್ಲಿ ತಪ್ಪೇನಿಲ್ಲ. ಮುಂದೆ ಹಂಚಿಕೆಯ ಲೆಕ್ಕ ನೋಡಿದಾಗ ಇದರ ಮಹತ್ವ ಗೊತ್ತಾಗುತ್ತದೆ.

ಹಂತ 4: ಮ್ಯಾಂಡೇಟ್ ಒಪ್ಪುವುದು

ಯುಪಿಐ ದಾರಿ ಹಿಡಿದವರು ದಯವಿಟ್ಟು ಈ ಹಂತವನ್ನು ನಿಧಾನವಾಗಿ ಓದಿ. ಸಿಗಬಹುದಾಗಿದ್ದ ಎಷ್ಟೋ ಷೇರುಗಳು ಇಲ್ಲೇ ಕೈ ತಪ್ಪುತ್ತವೆ.

ಬ್ರೋಕರ್ ಆ್ಯಪ್‌ನಲ್ಲಿ ಅರ್ಜಿ ಸಲ್ಲಿಸಿದ ಕೂಡಲೇ "ಯಶಸ್ವಿ" ಅಂತ ಬರುತ್ತದೆ. ಕೆಲಸ ಅರ್ಧ ಮಾತ್ರ ಮುಗಿದಿದೆ. ಸ್ವಲ್ಪ ಹೊತ್ತಿಗೆ ನಿಮ್ಮ ಯುಪಿಐ ಆ್ಯಪ್‌ಗೆ ಒಂದು ಮ್ಯಾಂಡೇಟ್ ಬರುತ್ತದೆ, ಅಂದರೆ ಇಷ್ಟು ದುಡ್ಡು ತಡೆಹಿಡಿಯಲು ಒಪ್ಪಿಗೆ ಕೊಡಿ ಅನ್ನುವ ಕೋರಿಕೆ. ಅದರಲ್ಲಿ ಮೊತ್ತ ನೋಡಿ, ಒಂದು ಲಾಟ್ ಏಥರ್‌ಗೆ ₹14,766 ಅಂತಲೇ ಇರಬೇಕು. ಐಪಿಒ ಹೆಸರು ಸರಿಯಿದೆಯಾ ನೋಡಿ. ಆಮೇಲೆ ಪಿನ್ ಹಾಕಿ ಒಪ್ಪಿ. ನಂತರ ಬ್ಯಾಂಕಿನಿಂದ ದುಡ್ಡು ಬ್ಲಾಕ್ ಆದ ಸಂದೇಶ ಬರಬೇಕು. ಆ ಸಂದೇಶ ಬಂದಾಗ ಮಾತ್ರ ನಿಮ್ಮ ಅರ್ಜಿ ನಿಜವಾಗಿ ಅರ್ಜಿಯಾಯಿತು.

ಮ್ಯಾಂಡೇಟ್ ಒಪ್ಪಲು ಕೊನೆಯ ಗಡುವು ಐಪಿಒ ಮುಚ್ಚುವ ದಿನ ಸಂಜೆ 5 ಗಂಟೆ. ಏಥರ್‌ನಲ್ಲಿ ಅದು ಏಪ್ರಿಲ್ 30ರ ಸಂಜೆ 5. ಕೊನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಹಾಕಿದರೆ, ಎಲ್ಲರೂ ಅದೇ ಹೊತ್ತಿಗೆ ಹಾಕುತ್ತಿರುತ್ತಾರೆ, ಮ್ಯಾಂಡೇಟ್ ಬರುವುದೇ ತಡವಾಗಬಹುದು. 5 ಆದ ಮೇಲೆ ಬಂದ ಮ್ಯಾಂಡೇಟ್ ಒಪ್ಪಿ ಪ್ರಯೋಜನವಿಲ್ಲ. ಬ್ರೋಕರ್‌ಗಳು ತಮ್ಮ ಆ್ಯಪ್‌ನಲ್ಲಿ ಅರ್ಜಿ ಸ್ವೀಕರಿಸುವುದನ್ನು 5ಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ.

ಹಾಗಂತ ಮೊದಲ ದಿನವೇ ಹಾಕಬೇಕಿಲ್ಲ. ಮೊದಲು ಬಂದವರಿಗೆ ಮೊದಲು ಅನ್ನುವ ಪದ್ಧತಿ ಇಲ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೇ ದಿನ ಸಂಜೆ ಅಥವಾ ಕೊನೆಯ ದಿನ ಬೆಳಿಗ್ಗೆ ಒಳ್ಳೆಯ ಹೊತ್ತು. ದೊಡ್ಡ ಸಂಸ್ಥೆಗಳು ಎಷ್ಟು ಆಸಕ್ತಿ ತೋರಿಸಿವೆ ಅಂತ ಎನ್‌ಎಸ್‌ಇ, ಬಿಎಸ್‌ಇ ತಾಣಗಳಲ್ಲಿ ಸ್ವಲ್ಪ ಕಾಣುತ್ತದೆ, ಮ್ಯಾಂಡೇಟ್‌ಗೂ ಸಮಯ ಇರುತ್ತದೆ. ಮೊದಲೇ ಹಾಕಿ ಮನಸ್ಸು ಬದಲಾದರೂ ಚಿಂತೆಯಿಲ್ಲ, ಮುಚ್ಚುವವರೆಗೆ ರೀಟೇಲ್ ಅರ್ಜಿಯನ್ನು ತಿದ್ದಬಹುದು, ವಾಪಸ್ ಪಡೆಯಬಹುದು.

ಬ್ಲಾಕ್ ಆದ ದುಡ್ಡಿನ ಬಗ್ಗೆ ಇನ್ನೊಂದು ಮಾತು. ಅದೇ ಖಾತೆಯಿಂದ ಆ ವಾರ ಸಾಲದ ಕಂತು ಹೋಗಬೇಕಿದ್ದರೆ, ಬ್ಲಾಕ್ ಆದದ್ದನ್ನು ಬಿಟ್ಟು ಉಳಿದದ್ದು ಸಾಕಾಗುತ್ತದಾ ನೋಡಿಕೊಳ್ಳಿ.

ಹಂತ 5: ಹಂಚಿಕೆ ಹೇಗೆ ಆಗುತ್ತದೆ

ಈಗ ಮೊದಲ ಪ್ರಶ್ನೆಗೆ ಬಂದೆವು.

ರೀಟೇಲ್ ಪಾಲಿನ ಹಂಚಿಕೆಯಲ್ಲಿ ಸೆಬಿ ನಿಯಮದ ತಿರುಳು ಒಂದೇ: ಆದಷ್ಟು ಜಾಸ್ತಿ ಜನರಿಗೆ ಕನಿಷ್ಠ ಒಂದೊಂದು ಲಾಟ್ ಸಿಗಬೇಕು. ಮೊದಲು ರೀಟೇಲ್ ಪಾಲಿನ ಷೇರುಗಳನ್ನು ಲಾಟ್ ಗಾತ್ರದಿಂದ ಭಾಗಿಸುತ್ತಾರೆ. ಎಷ್ಟು ಲಾಟ್ ಬಂತೋ ಅಷ್ಟು ಜನರಿಗೆ ಮಾತ್ರ ಕೊಡಲು ಸಾಧ್ಯ. ಆಮೇಲೆ ಸರಿಯಾದ ಅರ್ಜಿಗಳು ಎಷ್ಟಿವೆ ಅಂತ ಎಣಿಸುತ್ತಾರೆ. ಗಮನಿಸಿ, ಅರ್ಜಿಗಳನ್ನು ಎಣಿಸುತ್ತಾರೆ, ಕೇಳಿದ ಲಾಟ್‌ಗಳನ್ನಲ್ಲ.

ಕೈಗೆ ಸಿಗುವ ಲೆಕ್ಕದಲ್ಲಿ ನೋಡೋಣ. ರೀಟೇಲ್ ಪಾಲು 1,000 ಲಾಟ್ ಅಂತಿಟ್ಟುಕೊಳ್ಳಿ.

ಅರ್ಜಿ ಹಾಕಿದವರು 800 ಜನ, ಎಲ್ಲ ಸೇರಿ ಕೇಳಿದ್ದು 1,500 ಲಾಟ್. ಪತ್ರಿಕೆಯಲ್ಲಿ "1.5 ಪಟ್ಟು ಬೇಡಿಕೆ" ಅಂತ ಬರುತ್ತದೆ. ಆದರೆ ಜನ 800, ಲಾಟ್ 1,000. ಹಾಗಾಗಿ 800 ಜನರಿಗೂ ಒಂದೊಂದು ಲಾಟ್ ಖಂಡಿತ. ಉಳಿದ 200 ಲಾಟ್‌ನ ಷೇರುಗಳನ್ನು, ಒಂದಕ್ಕಿಂತ ಜಾಸ್ತಿ ಕೇಳಿದವರಿಗೆ ಅವರ ಬೇಡಿಕೆಯ ಪ್ರಮಾಣದಲ್ಲಿ ಹಂಚುತ್ತಾರೆ. ಇಲ್ಲಿ ಮಾತ್ರ ಜಾಸ್ತಿ ಲಾಟ್ ಹಾಕಿದ್ದಕ್ಕೆ ಬೆಲೆ ಇದೆ.

ಈಗ ಅರ್ಜಿ ಹಾಕಿದವರು 4,000 ಜನ, ಕೇಳಿದ್ದು 6,000 ಲಾಟ್ ಅಂದುಕೊಳ್ಳಿ. ಪತ್ರಿಕೆಯಲ್ಲಿ "6 ಪಟ್ಟು". ಲಾಟ್‌ಗಿಂತ ಜನ ಜಾಸ್ತಿ ಆದ್ದರಿಂದ ಕಂಪ್ಯೂಟರ್ ಮೂಲಕ ಚೀಟಿ ಎತ್ತುತ್ತಾರೆ. ಒಬ್ಬರಿಗೆ ಒಂದು ಚೀಟಿ. ಗೆದ್ದವರಿಗೆ ಒಂದು ಲಾಟ್. 13 ಲಾಟ್ ಕೇಳಿದವರಿಗೂ ಒಂದೇ ಚೀಟಿ, ಗೆದ್ದರೂ ಒಂದೇ ಲಾಟ್. ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆರರಲ್ಲಿ ಒಂದಲ್ಲ.

ಐದು ಲಾಟ್ ಹಾಕಿದವರು ಮತ್ತು ಪಕ್ಕದ ಮನೆಯವರ ವಿಷಯ ಈಗ ಸ್ಪಷ್ಟವಾಯಿತು ಅನ್ಕೊಳ್ತೀನಿ. ಇಬ್ಬರ ಹೆಸರಿನಲ್ಲೂ ಒಂದೊಂದೇ ಚೀಟಿ ಇತ್ತು. ಐದು ಲಾಟ್‌ನವರ ₹70 ಸಾವಿರಕ್ಕೂ ಜಾಸ್ತಿ ದುಡ್ಡು ಸುಮ್ನೆ ಬ್ಲಾಕ್ ಆಗಿ ಕೂತಿತ್ತು, ಅಷ್ಟೆ.

ನಿಜವಾದ ಐಪಿಒದಲ್ಲಿ ಇದು ಹೇಗೆ ಕಾಣುತ್ತದೆ? ಟಾಟಾ ಟೆಕ್ನಾಲಜೀಸ್ ತೆಗೆದುಕೊಳ್ಳಿ. ಬೆಲೆ ₹500, ಲಾಟ್ 30 ಷೇರು. ರೀಟೇಲ್ ಪಾಲಿನಲ್ಲಿ ಸುಮಾರು 1.84 ಕೋಟಿ ಷೇರು. 30ರಿಂದ ಭಾಗಿಸಿದರೆ ಸುಮಾರು 6.15 ಲಕ್ಷ ಲಾಟ್. ಅಂದರೆ ಗೆಲ್ಲಬಹುದಾದವರು ಅಷ್ಟೇ ಜನ. ಷೇರುಗಳ ಲೆಕ್ಕದಲ್ಲಿ ರೀಟೇಲ್ ಬೇಡಿಕೆ 16 ಪಟ್ಟು ದಾಟಿತ್ತು. ಎಲ್ಲ ವರ್ಗ ಸೇರಿ ಬಂದ ಅರ್ಜಿ 73 ಲಕ್ಷಕ್ಕೂ ಹೆಚ್ಚು. ಅವೆಲ್ಲವೂ ರೀಟೇಲ್ ಅರ್ಜಿಗಳೇ ಅಂತ ಇಟ್ಟುಕೊಂಡರೂ ಸುಮಾರು 12 ಜನರಿಗೆ ಒಬ್ಬರಂತೆ ಬರುತ್ತದೆ, 16ಕ್ಕೆ ಒಬ್ಬರಂತೆ ಅಲ್ಲ. ಹಾಗಾಗಿ ಟಿವಿಯಲ್ಲಿ ಬರುವ "ಪಟ್ಟು" ನೋಡಿ ಸಾಧ್ಯತೆ ಅಳೆಯಬೇಡಿ. ಎಷ್ಟು ಅರ್ಜಿ ಬಂದಿದೆ ಅನ್ನೋದನ್ನು ಹುಡುಕಿ, ಲಾಟ್ ಸಂಖ್ಯೆಯ ಪಕ್ಕ ಇಟ್ಟು ನೋಡಿ.

ಹ್ಯುಂಡೈಯಲ್ಲಿ ಇದರ ಉಲ್ಟಾ ಆಯಿತು. ರೀಟೇಲ್ ಪಾಲು ಅರ್ಧದಷ್ಟು ಮಾತ್ರ ತುಂಬಿತು. ಅರ್ಜಿ ಸರಿಯಾಗಿದ್ದವರಿಗೆಲ್ಲ ಕೇಳಿದಷ್ಟೂ ಸಿಕ್ಕಿತು. "ಹೇಗೂ ಒಂದೇ ಲಾಟ್ ಬರೋದು" ಅಂತ ನಂಬಿ ಹತ್ತು ಲಾಟ್ ಹಾಕಿದ್ದವರಿಗೆ ಹತ್ತೂ ಬಂತು! ಅದಕ್ಕೇ ಹೇಳುವುದು, ಎಲ್ಲವೂ ಬಂದರೆ ಇಟ್ಟುಕೊಳ್ಳಲು ಸಿದ್ಧವಿರುವಷ್ಟೇ ಲಾಟ್ ಕೇಳಿ. ಜೋರು ಬೇಡಿಕೆಯಿದ್ದಾಗ ಜಾಸ್ತಿ ಹಾಕಿ ಲಾಭವಿಲ್ಲ, ಬೇಡಿಕೆ ಇಲ್ಲದಿದ್ದಾಗ ಜಾಸ್ತಿ ಹಾಕಿದ್ದೇ ಹೊರೆಯಾಗಬಹುದು. ನಾನಂತೂ ಹೆಚ್ಚಿನವರಿಗೆ ಒಂದೇ ಲಾಟ್ ಸಾಕು ಅನ್ನುತ್ತೇನೆ.

ಚೀಟಿ ಎತ್ತುವುದನ್ನು ಬ್ರೋಕರ್ ಮಾಡುವುದಿಲ್ಲ. ರಿಜಿಸ್ಟ್ರಾರ್ ಅನ್ನುವ ಸಂಸ್ಥೆ, ಷೇರು ವಿನಿಮಯ ಕೇಂದ್ರದ ಜೊತೆ ಸೇರಿ ಮಾಡುತ್ತದೆ. "ಆ ಆ್ಯಪ್‌ನಲ್ಲಿ ಹಾಕಿದರೆ ಜಾಸ್ತಿ ಸಿಗುತ್ತೆ" ಅನ್ನುವ ಮಾತಿಗೆ ಹಾಗಾಗಿ ಯಾವ ಆಧಾರವೂ ಇಲ್ಲ.

ಹಂತ 6: ಫಲಿತಾಂಶ ನೋಡುವುದು, ದುಡ್ಡು ಬಿಡಿಸಿಕೊಳ್ಳುವುದು

ಮುಚ್ಚಿದ ದಿನವನ್ನು ಟಿ ಅನ್ನುತ್ತಾರೆ. ಅಲ್ಲಿಂದ ಮೂರನೇ ಕೆಲಸದ ದಿನ ಷೇರು ಮಾರುಕಟ್ಟೆಗೆ ಬರಬೇಕು. 2023ರ ಡಿಸೆಂಬರ್‌ನಿಂದ ಇದು ಕಡ್ಡಾಯ. ಮೊದಲ ದಿನ ಹಂಚಿಕೆ ತೀರ್ಮಾನ, ಎರಡನೇ ದಿನ ದುಡ್ಡು ಬಿಡುಗಡೆ ಮತ್ತು ಷೇರು ಜಮಾ, ಮೂರನೇ ದಿನ ಲಿಸ್ಟಿಂಗ್.

ಏಥರ್ ಏಪ್ರಿಲ್ 30ರಂದು ಮುಚ್ಚಿತು. ಮೇ 1 ಮಾರುಕಟ್ಟೆಗೆ ರಜೆ. ಹಾಗಾಗಿ ಮೇ 2 ಶುಕ್ರವಾರ ಹಂಚಿಕೆ, ನಡುವೆ ಶನಿವಾರ, ಭಾನುವಾರ, ಮೇ 6 ಮಂಗಳವಾರ ಲಿಸ್ಟಿಂಗ್. ಕ್ಯಾಲೆಂಡರ್‌ನಲ್ಲಿ ಆರು ದಿನ ಆದರೂ ಕೆಲಸದ ದಿನ ಮೂರೇ. "ದುಡ್ಡು ಇನ್ನೂ ಬಂದಿಲ್ಲ" ಅಂತ ಗಾಬರಿಯಾಗುವ ಮುಂಚೆ ನಡುವಿನ ರಜೆ ಎಣಿಸಿ.

ಫಲಿತಾಂಶವನ್ನು ರಿಜಿಸ್ಟ್ರಾರ್ ತಾಣದಲ್ಲೋ ಬಿಎಸ್‌ಇ ತಾಣದಲ್ಲೋ ನೋಡಬಹುದು. ರಿಜಿಸ್ಟ್ರಾರ್ ಯಾರು ಅಂತ ಆರ್‌ಎಚ್‌ಪಿಯಲ್ಲಿ ಇರುತ್ತದೆ, ಕೆಫಿನ್ ಟೆಕ್ನಾಲಜೀಸ್ ಮತ್ತು ಎಂಯುಎಫ್‌ಜಿ ಇನ್‌ಟೈಮ್ ಅಂತ ಎರಡು ಹೆಸರು ಮತ್ತೆ ಮತ್ತೆ ಕಾಣುತ್ತವೆ. ಕಂಪನಿ ಆರಿಸಿ, ಪ್ಯಾನ್ ಹಾಕಿದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಪ್ಯಾನ್ ಹಾಕಬೇಡಿ, ತಾಣದ ವಿಳಾಸ ನೀವೇ ಟೈಪ್ ಮಾಡಿ.

ಷೇರು ಸಿಗದೆ, ಎಲ್ಲ ದಿನ ಕಳೆದರೂ ದುಡ್ಡು ಬ್ಲಾಕ್ ಆಗಿಯೇ ಇದ್ದರೆ ಮೊದಲು ಬ್ಯಾಂಕಿಗೆ ಬರೆಯಿರಿ. ಅರ್ಜಿ ಸಂಖ್ಯೆ, ಬ್ಲಾಕ್ ಆದ ಸಂದೇಶದ ಚಿತ್ರ, ಹಂಚಿಕೆಯ ಪುಟದ ಚಿತ್ರ ಮೂರನ್ನೂ ಇಟ್ಟುಕೊಳ್ಳಿ. ಗಡುವು ಮೀರಿ ತಡ ಮಾಡಿದರೆ ದಿನಕ್ಕೆ ₹100 ಅಥವಾ ವರ್ಷಕ್ಕೆ 15% ಬಡ್ಡಿ, ಯಾವುದು ಜಾಸ್ತಿಯೋ ಅಷ್ಟು ಪರಿಹಾರ ಕೊಡಬೇಕು ಅಂತ ಸೆಬಿ ಹೇಳಿದೆ. ಬ್ಯಾಂಕ್ ಕಿವಿಗೊಡದಿದ್ದರೆ `scores.sebi.gov.in` ತಾಣದಲ್ಲಿ ದೂರು ದಾಖಲಿಸಬಹುದು.

ಹಂತ 7: ಲಿಸ್ಟಿಂಗ್ ದಿನ

ಷೇರು ಸಿಕ್ಕಿದ್ದರೆ ಹಿಂದಿನ ರಾತ್ರಿಯೇ ಡಿಮ್ಯಾಟ್‌ನಲ್ಲಿ ಕಾಣಿಸಬಹುದು. ಹೊಸ ಷೇರಿಗೆ ಆ ದಿನ ಬೆಳಿಗ್ಗೆ 9ರಿಂದ ಒಂದು ವಿಶೇಷ ಅವಧಿ ಇರುತ್ತದೆ. ಎಲ್ಲರ ಕೊಳ್ಳುವ, ಮಾರುವ ಆರ್ಡರ್‌ಗಳನ್ನು ಸೇರಿಸಿ, ಜಾಸ್ತಿ ಷೇರು ಕೈ ಬದಲಾಗುವ ಬೆಲೆಯನ್ನು ಕಂಡುಹಿಡಿಯುತ್ತಾರೆ. ಅದೇ ಲಿಸ್ಟಿಂಗ್ ಬೆಲೆ. ಸಾಮಾನ್ಯ ವಹಿವಾಟು ಶುರುವಾಗುವುದು 10ಕ್ಕೆ. 9:15ಕ್ಕೆ ಮಾರಲು ಹೋಗಿ "ಆರ್ಡರ್ ನಿಂತುಬಿಟ್ಟಿದೆ" ಅಂತ ಅಂದುಕೊಂಡು ಎರಡನೇ ಆರ್ಡರ್ ಹಾಕಬೇಡಿ.

ಜಿಎಂಪಿ ಅಂತ ಒಂದು ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ. ಲಿಸ್ಟಿಂಗ್‌ಗೆ ಮುಂಚೆ ಅನಧಿಕೃತವಾಗಿ ನಡೆಯುವ ವ್ಯವಹಾರದ ಹೆಚ್ಚುವರಿ ಬೆಲೆ ಅದು. ಯಾವ ವಿನಿಮಯ ಕೇಂದ್ರವೂ ಅದನ್ನು ದಾಖಲಿಸುವುದಿಲ್ಲ, ಯಾರೂ ಅದಕ್ಕೆ ಹೊಣೆಯಲ್ಲ. ಅದನ್ನೊಂದೇ ನೋಡಿ ಅರ್ಜಿ ಹಾಕಬೇಡಿ.

ಟಾಟಾ ಟೆಕ್ನಾಲಜೀಸ್ ₹500ರ ಷೇರು ₹1,200ರಲ್ಲಿ ಶುರುವಾಯಿತು. ಹ್ಯುಂಡೈ ₹1,960ರದ್ದು ₹1,934ರಲ್ಲಿ. ಏಥರ್ ₹321ರದ್ದು ಎನ್‌ಎಸ್‌ಇಯಲ್ಲಿ ₹328ಕ್ಕೆ ತೆರೆಯಿತು, 46 ಷೇರಿನ ಲಾಟ್‌ಗೆ ₹322 ಲಾಭ. ಅದೇ ದಿನ ಮುಚ್ಚುವ ಹೊತ್ತಿಗೆ ₹321ಕ್ಕಿಂತ ಕೆಳಗಿತ್ತು. ಮೊದಲ ದಿನವೇ ಮಾರಬೇಕು ಅಂತಿದ್ದರೆ ಎಷ್ಟಕ್ಕೆ ಅನ್ನುವುದನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳಿ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 20% ತೆರಿಗೆ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.